ಹಲ್ಲು ಬಿದ್ದವಳ ಡ್ಯಾನ್ಸು

"ದೊಡ್ಡಮ್ಮ, ಪುಟ್ಟಿಯ ಮುಂದಿನ ಎರಡು ಹಲ್ಲು ಬಿದ್ದಿವೆ. 'ನಾನೀಗ ಚಂದ ಇಲ್ಲ, ಸ್ಕೂಲ್ ಡೇ ಡ್ಯಾನ್ಸಿಗೆ ಹೋಗಲ್ಲ' ಅಂತ ಅಳ್ತಾಳೆ. ಏನು ಹೇಳಲಿ?"

ಮೊದಲು ಮಗುವಿನ ಮುಖ ಹೊಗಳೋದನ್ನು ನಿಲ್ಲಿಸಿ, ನಮ್ಮ ಮನೆಯವರ ಈ ವಾಟ್ಸಾಪ್ ಗ್ರೂಪಿನಲ್ಲಿರೋ ಎಲ್ಲರೂ. ಸಕಲೇಶಪುರದ ಚಿಕ್ಕಮ್ಮನ ಕಥೆ ಮರೆತುಹೋಯ್ತಾ ನಿಮಗೆ?

ಅವಳು ಹಾಲಿನಂಥ ಬಣ್ಣ, ಗುಂಗುರು ಕೂದಲು. ಅರಕಲಗೂಡಿನ ಮನೆಗೆ ಯಾರೇ ಬಂದರೂ ಕೆನ್ನೆ ಹಿಂಡಿ "ಬೊಂಬೆ, ಬೊಂಬೆ" ಅನ್ನೋರು. ಅದೇ ಹುಡುಗಿ 21 ಚುಕ್ಕಿಯ ರಂಗೋಲಿ ಒಬ್ಬಳೇ ಹಾಕುತ್ತಿದ್ದಳು. ಒಂದು ಎಳೆ ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಆರಿದ ಮೇಲೆ ಮತ್ತೆ ಎಳೆಯುತ್ತಿದ್ದಳು. ಬಂದವರು ಅದನ್ನು ದಾಟಿಕೊಂಡೇ ಒಳಗೆ ಬಂದು ಕೆನ್ನೆ ಹಿಂಡೋರು!

ಆಮೇಲೆ ಸೀತಾಳೆ ಸಿಡುಬು ಆಯ್ತು. ಕೆನ್ನೆ ತುಂಬ ಕಲೆ ಉಳಿಯಿತು. "ಅಯ್ಯೋ, ಎಂಥ ಮುಖ ಹೀಗಾಯ್ತಲ್ಲ" ಅಂದರು ಅದೇ ಜನ. ಅವತ್ತಿನಿಂದ ಕತ್ತಲಿರುವಾಗಲೇ ರಂಗೋಲಿ ಹಾಕಿ ಒಳಗೆ ಬಂದುಬಿಡೋಳು. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಅವಳ ಹಣೆಯಷ್ಟೇ ಕಾಣೋದು, ಮಿಕ್ಕಿದ್ದೆಲ್ಲ ಮುಂದಿನವಳ ಹಿಂದೆ. ಕೈಯಲ್ಲಿದ್ದ ರಂಗೋಲಿ ಎಲ್ಲೂ ಹೋಗಿರಲಿಲ್ಲ ಅಲ್ವಾ? ಆದರೆ ಅದಕ್ಕೂ ಬೆಲೆ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ನಾವು ಟೀಚರುಗಳಿಗೆ ಒಂದು ವಿಷಯ ಗೊತ್ತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮುಲ್ಲರ್ ಮತ್ತು ಡ್ವೆಕ್ ಐದನೇ ಕ್ಲಾಸಿನ ಮಕ್ಕಳಿಗೆ ಒಗಟು ಕೊಟ್ಟು ನೋಡಿದ್ದರು. "ನೀನು ಜಾಣ" ಅನ್ನಿಸಿಕೊಂಡವರು ಒಮ್ಮೆ ಸೋತ ಮೇಲೆ ಮೊದಲಿಗಿಂತ ಕಡಿಮೆ ಬಿಡಿಸಿದರು. "ಚೆನ್ನಾಗಿ ಶ್ರಮಪಟ್ಟೆ" ಅನ್ನಿಸಿಕೊಂಡವರು ಜಾಸ್ತಿ ಬಿಡಿಸಿದರು. ಅದು ಜಾಣತನದ ಮಾತು, ಅಂದದ್ದಲ್ಲ. ಆದರೆ ಜಾಣತನವನ್ನಾದರೂ ಬೆಳೆಸಿಕೊಳ್ಳಬಹುದು, ಬಿದ್ದ ಹಲ್ಲಿಗೆ ಮಗು ಏನು ಮಾಡೋದಕ್ಕಾಗುತ್ತೆ? ಇನ್ನೊಮ್ಮೆ ಹೇಳ್ತೀನಿ, ಮುಖ ಹೊಗಳಬೇಡಿ.

ಈ ಗ್ರೂಪೂ ಏನು ಕಡಿಮೆ ಇಲ್ಲ. ಮೊಮ್ಮಗ ತಪ್ಪಿಲ್ಲದೆ ಬರೆದ ಏಳರ ಮಗ್ಗಿಯ ಫೋಟೋ ಹಾಕಿದೆ. ಎಲ್ಲರೂ ನೋಡಿದ ನೀಲಿ ಟಿಕ್ ಬಂತು, ಒಬ್ಬರದ್ದೂ ಮಾತಿಲ್ಲ. ಅದೇ ಹುಡುಗ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೋಗೆ ಹಾರ್ಟುಗಳ ಸುರಿಮಳೆ! ಹಾಸನದ ದೊಡ್ಡಪ್ಪನಿಗೆ ಮಗ್ಗಿ ಕಾಣೋದೇ ಇಲ್ಲ ಅನ್ನಿಸುತ್ತೆ.

ಹಾಂ, ನೀನು ಕೇಳಿದ್ದು ಡ್ಯಾನ್ಸ್ ವಿಷಯ ಅಲ್ವಾ. "ಇಲ್ಲ ಪುಟ್ಟಿ, ನೀನು ಈಗಲೂ ಚಂದ" ಅನ್ನಬೇಡ. ಅಂದರೆ ಚಂದವೇ ಮುಖ್ಯ ಅಂತ ಒಪ್ಪಿಕೊಂಡ ಹಾಗಾಯ್ತು. "ಹಲ್ಲು ಬಿದ್ದದ್ದಕ್ಕೆ ಬೇಜಾರಾ?" ಅಂತ ಕೇಳಿ, ಅಳು ಮುಗಿಯಲಿ ಬಿಡು. ಆಮೇಲೆ ಯಾವ ಸ್ಟೆಪ್ ಕಷ್ಟ ಅಂತ ಕೇಳಿ, ಅದನ್ನೇ ಮಾಡಿಸು. ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳು: "ನಿನ್ನೆ ತಿರುಗುವಾಗ ಎಡವುತ್ತಿದ್ದೆ, ಇವತ್ತು ತಾಳಕ್ಕೆ ಸರಿಯಾಗಿ ನಿಂತೆ." ಸುಧಾರಿಸದೆ ಇದ್ದರೆ ಸುಮ್ನೆ ಸೂಪರ್ ಅನ್ನಬೇಡ, ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಆ ಸ್ಟೆಪ್ಪನ್ನೇ ನಿಧಾನವಾಗಿ ಮಾಡೋಣ ಅನ್ನು. ಅವಳಾಗಿಯೇ "ಅಮ್ಮ, ಇದನ್ನು ನೋಡು" ಅಂತ ತೋರಿಸೋಕೆ ಬಂದರೆ ಸರಿಹೋಗ್ತಿದ್ದಾಳೆ ಅಂತ ಲೆಕ್ಕ. ಸ್ಕೂಲ್ ಡೇ ಯಾವತ್ತು ಅಂತ ಬರೆದು ಹಾಕು, ಬಸ್ ನೋಡಿಕೊಂಡು ನಾನೂ ಬರ್ತೀನಿ.