ಅಪ್‌ಡೇಟ್: ಟೈಲರ್ ಅಂಗಡಿ ಲೋಗೋಗೆ ಸದ್ದು ಹೊಂದಿತು

ನನ್ನ ಪ್ರಶ್ನೆ: 3 ಸೆಕೆಂಡಿನ ಲೋಗೋ ಅನಿಮೇಷನ್‌ನಲ್ಲಿ ಸೂಜಿಯ ಓಟಕ್ಕೂ ಮೆಷಿನ್ ಸದ್ದಿಗೂ ತಾಳೆ ಆಗುತ್ತಿಲ್ಲ, ಏನು ಮಾಡಲಿ?

ಈಗ ಸರಿಹೋಗಿದೆ, ತುಂಬಾ ಖುಷಿಯಾಗಿದೆ. ಪೆಡಲ್ ತುಳಿದು ರೆಕಾರ್ಡ್ ಮಾಡಿದರೆ ವೇಗ ಒಂದೇ ಸಮ ಇರುವುದಿಲ್ಲ ಅಲ್ವಾ? ಹಾಗಾಗಿ ಮೆಷಿನ್ ಚಕ್ರವನ್ನು ಕೈಯಿಂದ ತಿರುಗಿಸಿ, ಒಂದೇ ಹೊಲಿಗೆಯ ‘ಟಕ್’ ರೆಕಾರ್ಡ್ ಮಾಡಿದೆ. ವಿಡಿಯೋ ಸೆಕೆಂಡಿಗೆ 24 ಫ್ರೇಮ್. ಪ್ರತಿ 6 ಫ್ರೇಮಿಗೊಮ್ಮೆ ಸೂಜಿ ಬಟ್ಟೆ ಮುಟ್ಟುತ್ತದೆ, ಸರಿಯಾಗಿ ಅದೇ ಫ್ರೇಮಿನಲ್ಲಿ ಟಕ್. ಹೀಗೆ 8 ಹೊಲಿಗೆಗೆ 2 ಸೆಕೆಂಡ್. ಅಷ್ಟರಲ್ಲಿ ದಾರ ಅಂಗಡಿಯ ಹೆಸರನ್ನು ಬರೆದು ಮುಗಿಸುತ್ತದೆ. ಆಮೇಲೆ ಕತ್ತರಿಯ ‘ಕಚಕ್’, ಉಳಿದ ಹೊತ್ತು ಹೆಸರು ಅಲುಗಾಡದೆ ನಿಲ್ಲುತ್ತದೆ.

ಇನ್ನೊಂದು ವಿಷಯ. ಮೆಷಿನ್ನಿನ ದಪ್ಪ ಗುಡುಗುಡು ಹೆಡ್‌ಫೋನಿನಲ್ಲಿ ಚೆನ್ನಾಗಿತ್ತು, ಮೊಬೈಲ್ ಸ್ಪೀಕರಿನಲ್ಲಿ ಕೇಳಿಸಲೇ ಇಲ್ಲ. ಅದನ್ನು ತೆಗೆದು, ಸೂಜಿಯ ಚೂಪು ಸದ್ದನ್ನಷ್ಟೇ ಉಳಿಸಿಕೊಂಡೆ.