ಬೆಟ್ಟಿಂಗ್ ಸೈಟಿಗೆ ಹಣ: ಬ್ಯಾಂಕ್, ವಾಲೆಟ್, ಕ್ರಿಪ್ಟೊ ಬಳಸಿದವರು ಅನುಭವ ಹೇಳಿ

ಪ್ರಶ್ನೆ: ನಾನು ಕಲಬುರಗಿಯವನು. ಕ್ರಿಕೆಟ್ ಬೆಟ್ಟಿಂಗ್ ಸೈಟಿಗೆ ಹಣ ಹಾಕಲು ಈ ಮೂರರಲ್ಲಿ ಯಾವುದು ಬೇಗ, ಯಾವುದಕ್ಕೆ ಶುಲ್ಕ ಕಡಿಮೆ, ಯಾವುದರ ಜಾಡು ಉಳಿಯುವುದಿಲ್ಲ?

ಶಹಾಬಾದಿನ ರೈತ: ಯುಪಿಐನಲ್ಲಿ ಕ್ಷಣದಲ್ಲಿ ಹೋಗುತ್ತದೆ, ಶುಲ್ಕ ಒಂದು ಪೈಸೆಯೂ ಇಲ್ಲ. ಆದರೆ ಪ್ರತಿ ಸಲವೂ ಹೊಸ ಹೆಸರು: ಬೆಳಿಗ್ಗೆ ಯಾವುದೋ ಜ್ಯೂಸ್ ಅಂಗಡಿಯ ಕ್ಯುಆರ್, ಸಂಜೆ ಯಾರೋ ಹೆಣ್ಣುಮಗಳ ಖಾತೆ. ನಾನು ಹಾಕಿದ 3,000 ರೂಪಾಯಿಯಿಂದ ಏನೂ ಆಗಲಿಲ್ಲ. ಗೆದ್ದ 8,500 ರೂಪಾಯಿ ಬೇರೊಬ್ಬನ ಖಾತೆಯಿಂದ ಬಂತು ನೋಡಿ, ಕುತ್ತಿಗೆಗೆ ಬಂದದ್ದು ಅದು. ಆ ಹಣ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಪಡೆದದ್ದಂತೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು, ನನ್ನ ಖಾತೆಗೆ ಬೀಗ ಬಿತ್ತು. ತೊಗರಿ ಮಾರಿ ಇಟ್ಟಿದ್ದ 1,40,000 ರೂಪಾಯಿ ಒಳಗೇ ಉಳಿಯಿತು. ಬಿತ್ತನೆಗೆ ಬೀಜ ತರಲು ಬಡ್ಡಿಗೆ ಸಾಲ ತಂದೆ. ಶಾಖೆಯಲ್ಲಿ ದೂರಿನ ಸಂಖ್ಯೆ ಬರೆದ ಚೀಟಿ ಕೊಟ್ಟು ಕೈತೊಳೆದುಕೊಂಡರು.

ಬೀದರ್ ಕೋಟೆ ಓಣಿ: ಬ್ಯಾಂಕ್ ಖಾತೆಯನ್ನು ಇದಕ್ಕೆ ತೋರಿಸುವುದೇ ತಪ್ಪು. ನಾನು ವಾಲೆಟ್ ಬಳಸಿದೆ. ಕ್ರೆಡಿಟ್ ಕಾರ್ಡಿನಿಂದ 10,000 ತುಂಬಿಸಿದರೆ ಎರಡೂವರೆ ಶೇಕಡಾ ಅಂದರೆ 250, ಅದರ ಮೇಲೆ ಜಿಎಸ್‌ಟಿ 45, ಒಟ್ಟು 295 ರೂಪಾಯಿ ಆಟಕ್ಕೆ ಮೊದಲೇ ಹೋಯಿತು. ಪೂರ್ತಿ ಕೆವೈಸಿ ಆಗಿರದ ವಾಲೆಟ್‌ನಿಂದ ಹಣ ಬ್ಯಾಂಕಿಗೆ ಮರಳುವುದಿಲ್ಲ, ಅಂಗಡಿಯಲ್ಲಿಯೇ ಖರ್ಚು ಮಾಡಬೇಕು. ಆದರೂ ನನ್ನ ಸಂಬಳದ ಖಾತೆಗೆ ಧಕ್ಕೆ ಬರಲಿಲ್ಲ, ಅಷ್ಟು ಸಾಕು.

ಸುರಪುರದ ಹುಡುಗ: ಇಬ್ಬರೂ ಹಳೆಯ ಕಾಲದಲ್ಲಿಯೇ ಇದ್ದೀರಿ. ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ ಯುಎಸ್‌ಡಿಟಿ ಕೊಂಡು ಕಳುಹಿಸಿ, ಟ್ರಾನ್ ಜಾಲದಲ್ಲಿ ನಿಮಿಷಗಳಲ್ಲಿ ಮುಟ್ಟುತ್ತದೆ. ಹೆಸರಿಲ್ಲ, ಊರಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಸೇಡಂ ರಸ್ತೆ, ಲೆಕ್ಕಪತ್ರದವ: ತಮ್ಮಾ, ಬೇಗ ಮುಟ್ಟುತ್ತದೆ ಎನ್ನುವುದು ನಿಜ, ಉಳಿದದ್ದು ತಪ್ಪು. ಆ ಜಾಲದ ಪ್ರತಿ ವರ್ಗಾವಣೆಯೂ ಬಹಿರಂಗ, ಯಾರು ಬೇಕಾದರೂ ನೋಡಬಹುದು. ನೀನು ನಾಣ್ಯ ಕೊಂಡ ವಿನಿಮಯ ಕೇಂದ್ರದ ಹತ್ತಿರ ನಿನ್ನ ಪ್ಯಾನ್ ಇದೆ. ಆ ಕೇಂದ್ರಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ನಂಟು ಸಿಕ್ಕ ದಿನ ಹಿಂದಿನದೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ.

ಶುಲ್ಕದ ಲೆಕ್ಕವನ್ನೂ ಕೇಳು. ಡಾಲರ್ 88 ರೂಪಾಯಿ ಇದ್ದಾಗ ನನ್ನ ಕಕ್ಷಿದಾರರೊಬ್ಬರು ಒಬ್ಬ ವ್ಯಕ್ತಿಯಿಂದ ನೇರವಾಗಿ ಯುಎಸ್‌ಡಿಟಿಯನ್ನು 93ರಂತೆ ಕೊಂಡರು. 10,000 ರೂಪಾಯಿಗೆ ಬಂದದ್ದು 107.5. ಕಳುಹಿಸುವ ಶುಲ್ಕ ಒಂದು ಹೋಗಿ ಸೈಟಿನಲ್ಲಿ 106.5 ಜಮೆಯಾಯಿತು. ಅದರ ಬೆಲೆ ಸುಮಾರು 9,370. ಮರಳಿ ಮಾರುವಾಗ ಒಂದು ಶೇಕಡಾ ಟಿಡಿಎಸ್, ಲಾಭ ಬಂದರೆ ಮೂವತ್ತು ಶೇಕಡಾ ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಮಾರಿದಾಗ ಕೊಂಡವನು ಕಳ್ಳ ಹಣ ಕೊಟ್ಟರೆ ಶಹಾಬಾದಿನ ಅಣ್ಣನಿಗೆ ಬಿದ್ದ ಬೀಗವೇ ನಿನಗೂ ಬೀಳುತ್ತದೆ. ಮೂರೂ ದಾರಿಯಲ್ಲಿ ಸಿಕ್ಕಿಕೊಳ್ಳುವುದು ಹಣ ಹಾಕುವಾಗ ಕಡಿಮೆ, ತೆಗೆಯುವಾಗ ಹೆಚ್ಚು.

ಸುರಪುರದ ಹುಡುಗ: ನನಗೆ ಇಷ್ಟು ದಿನ ಏನೂ ಆಗಿಲ್ಲ. ನಿಮ್ಮ ಕಕ್ಷಿದಾರರಿಗೆ ಕೊಳ್ಳಲು ಬಾರದಿದ್ದರೆ ಅದು ಕ್ರಿಪ್ಟೊದ ತಪ್ಪೇ?

ಹುಮನಾಬಾದಿನ ಅಕ್ಕ: ನೀವೆಲ್ಲ ಶುಲ್ಕದ ಮಾತಾಡುತ್ತಿದ್ದೀರಿ. ನನ್ನ ಮೈದುನನ ಮಗನಿಗೆ ಯಾರೋ ತಿಂಗಳಿಗೆ 2,000 ಕೊಡುತ್ತೇವೆಂದು ಅವನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ತೆಗೆದುಕೊಂಡು ಹೋದರು. ಸೈಟಿನಲ್ಲಿ ನಿಮಗೆ ಕಾಣುವ ಹೊಸ ಹೊಸ ಹೆಸರು ಇಂಥ ಮಕ್ಕಳದು. ಪೊಲೀಸರು ನಮ್ಮ ಮನೆಗೆ ಬಂದಾಗ ವಿದ್ಯಾರ್ಥಿವೇತನವೂ ಅದೇ ಖಾತೆಗೆ ಬರುತ್ತಿತ್ತು. ನೀವು ಗೆದ್ದಿರಿ, ಸೋತಿರಿ; ಅವನ ಓದು ನಿಂತಿತು.

ಶಹಾಬಾದಿನ ರೈತ: ಅಕ್ಕಾ, ನನ್ನ ಮೇಲೇಕೆ ಸಿಟ್ಟು? ನನ್ನದೂ ಹೋಗಿದೆ.

ಹುಮನಾಬಾದಿನ ಅಕ್ಕ: ನಿಮ್ಮದು ಬ್ಯಾಂಕಿನಲ್ಲಿಯೇ ಇದೆ, ಇಂದಲ್ಲ ನಾಳೆ ಬರುತ್ತದೆ. ಅವನ ಮೇಲೆ ಎಫ್‌ಐಆರ್ ಇದೆ.

ಬೀದರ್ ಕೋಟೆ ಓಣಿ: ಖಾತೆ ಬಾಡಿಗೆಗೆ ಕೊಟ್ಟವನನ್ನು ಮಗು ಎನ್ನುವುದು ಸರಿಯಲ್ಲ. ಎರಡು ಸಾವಿರ ಸುಮ್ಮನೆ ಯಾರು ಕೊಡುತ್ತಾರೆ?

ಹುಮನಾಬಾದಿನ ಅಕ್ಕ: ಆ ಎರಡು ಸಾವಿರ ನಿಮ್ಮಂಥವರ ಆಟದಿಂದಲೇ ಬಂದದ್ದು.

ಸೇಡಂ ರಸ್ತೆ, ಲೆಕ್ಕಪತ್ರದವ: ಶಹಾಬಾದಿನವರೇ, ದೂರಿನ ಸಂಖ್ಯೆ ಇಟ್ಟುಕೊಂಡು ಆ ಠಾಣೆಯ ತನಿಖಾಧಿಕಾರಿಗೆ ಬರೆಯಿರಿ. ತೊಗರಿ ಮಾರಿದ ಎಪಿಎಂಸಿ ಪಟ್ಟಿ ಲಗತ್ತಿಸಿ. ವಿವಾದದ 8,500ಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡುವಂತೆ ಕೇಳಿ. ತಡೆ ವಿವಾದದ ಮೊತ್ತಕ್ಕೆ ಮಾತ್ರ ಸೀಮಿತವಾಗಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದು ನಮ್ಮ ರಾಜ್ಯವನ್ನು ಕಟ್ಟಿಹಾಕದಿದ್ದರೂ ಅರ್ಜಿಯಲ್ಲಿ ಉಲ್ಲೇಖಿಸಬಹುದು.

ಪ್ರಶ್ನೆ ಕೇಳಿದವರೇ, 2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳಿಗೆ ಬ್ಯಾಂಕುಗಳು ಪಾವತಿ ಮಾಡಿಕೊಡುವುದನ್ನೇ ನಿಷೇಧಿಸುತ್ತದೆ. ಆಡುವವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆದರೆ ಅಷ್ಟಾದ ಮೇಲೂ ಹಣ ಸ್ವೀಕರಿಸುವ ಸೈಟು ಕಂಡವರ ಖಾತೆಯಲ್ಲಿಯೇ ಸ್ವೀಕರಿಸಬೇಕಾಗುತ್ತದೆ.

ಸುರಪುರದ ಹುಡುಗ: ಅದಕ್ಕೇ ಕ್ರಿಪ್ಟೊ ಎಂದೆ.

ಶಹಾಬಾದಿನ ರೈತ: ಎಪಿಎಂಸಿ ಪಟ್ಟಿ ದಲಾಲರ ಹತ್ತಿರ ಇದೆ. ನಕಲು ಪ್ರತಿ ನಡೆಯುತ್ತದೆಯೇ, ಅಥವಾ ಮೂಲವೇ ಬೇಕೇ?