ಸ್ಪಂಜಿಗೆ ಸಕ್ಕರೆ ನೀರು: ಅಂಚು ಒಣ, ತಳ ಮುದ್ದೆ

ಯಾದಗಿರಿ_ಹೋಂಬೇಕರ್: ನಾಕು ಮೊಟ್ಟಿ ಸ್ಪಂಜ್, 8 ಇಂಚು, ಮೂರು ಪದರ. ಪ್ರತಿ ಪದರಕ್ಕೂ ಸಕ್ಕರೆ ನೀರು ಹಚ್ಚಿದ ಮ್ಯಾಲೇ ಕ್ರೀಮ್ ಹಾಕ್ತೀನಿ. ಮರುದಿನ ಕೊಯ್ದ್ರ ಅಂಚು ಒಣಾ, ತಳದ ಪದರ ಮುದ್ದಿ. ಎಷ್ಟು ಹಚ್ಚಬೇಕು, ಹ್ಯಾಂಗ ಹಚ್ಚಬೇಕು?

ಬೀದರ್_ಮಿಠಾಯಿ: ನೀರು ಹೆಚ್ಚಾಗ್ಯದ, ಅಷ್ಟೇ. ಸಕ್ಕರೆ ನೀರು ಬಿಡ್ರಿ, ಪಾಕ ಹಚ್ರಿ. ಬೆರಳ ನಡುವ ಒಂದೆಳಿ ಬರೋತನಕ ಕುದಿಸ್ರಿ. ದಪ್ಪ ಪಾಕ ತಳಕ್ಕ ಸೋರಂಗಿಲ್ಲ, ಹಚ್ಚಿದಲ್ಲೇ ಕೂಡ್ತದ. ಸಕ್ಕರಿ ಜಾಸ್ತಿ ಇದ್ದಷ್ಟು ತೇವ ಹಿಡಕೊಂಡಿರ್ತದ.

ಓವನ್_ಕಲಬುರಗಿ: "ಹಚ್ಚಿದಲ್ಲೇ ಕೂಡ್ತದ" ಅಂದಿರಲ್ಲ, ತೊಂದರೆ ಇರೋದೇ ಅಲ್ಲಿ. ನಮಗೆ ಬೇಕಾದ್ದು ಒಳಗೆ ಇಳಿಯುವ ಸಿರಪ್. 100 ಗ್ರಾಂ ಸಕ್ಕರೆಗೆ 100 ಗ್ರಾಂ ನೀರು ಹಾಕಿ ಎಳೆ ಬರುವವರೆಗೆ ಕುದಿಸಿದರೆ ಉಳಿಯೋದು ಸುಮಾರು 30 ಗ್ರಾಂ ನೀರು. ಆರಿದ ಮೇಲೆ ಅಷ್ಟು ನೀರು 60 ಗ್ರಾಂ ಸಕ್ಕರೆಯನ್ನಷ್ಟೇ ಕರಗಿಸಿ ಇಟ್ಟುಕೊಳ್ಳುತ್ತದೆ. ಮಿಕ್ಕಿದ್ದು ಹರಳಾಗುತ್ತದೆ. ಸ್ಪಂಜಿನ ಮೇಲೆ ಅಂಟಂಟಾದ ಒಂದು ಪೊರೆ, ಹಲ್ಲಿಗೆ ಕರಕರ, ಅದರ ಕೆಳಗೆ ಮೊದಲಿನ ಹಾಗೇ ಒಣ ಸ್ಪಂಜ್. ತೂಕದಲ್ಲಿ ಸಮ ಸಮ ತಗೊಳ್ಳಿ, ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ.

ಬೀದರ್_ಮಿಠಾಯಿ: "ಹರಳಾಗುತ್ತದೆ" ಅಂತೀರಿ. ನಾಕು ಹನಿ ಲಿಂಬಿ ರಸ ಹಾಕಿ ಕುದಿಸಿದ್ರ ಹರಳು ಕಟ್ಟಂಗಿಲ್ಲ. ಇದು ಮಿಠಾಯಿ ಕೆಲಸದಾಗ ಮೊದಲ ಪಾಠ.

ಓವನ್_ಕಲಬುರಗಿ: ಲಿಂಬೆ ಹರಳನ್ನು ತಡೆಯುತ್ತದೆ, ಒಪ್ಪಿದೆ. ಪಾಕದ ಗಟ್ಟಿತನವನ್ನು ತಡೆಯಲ್ಲ.

ಬೀದರ್_ಮಿಠಾಯಿ: ಒಪ್ಪಿದಿರಲ್ಲ! ಇನ್ನೊಂದು ಕೇಳ್ರಿ. ಡಬಲ್ ಕಾ ಮೀಠಾದಾಗ ಬ್ರೆಡ್ ಪಾಕದಾಗ ಪೂರ್ತಿ ಮುಳುಗ್ತದ. ನಮ್ಮ ಬೀದರದಾಗ ಮದುವಿ ಊಟಕ್ಕ ಪರಾತಗಟ್ಟಲೆ ಮಾಡ್ತಾರ. ತುಂಡು ಎತ್ತಿದ್ರ ಇಡಿಯಾಗೇ ಬರ್ತದ. ಮುಳುಗಿದ ಬ್ರೆಡ್ ಮುದ್ದಿ ಆಗಂಗಿಲ್ಲ, ಬ್ರಷ್‌ಲೆ ಹಚ್ಚಿದ ಸ್ಪಂಜ್ ಆಗ್ತದ. ಪಾಕ ದಪ್ಪ ಇರೋದಕ್ಕ ಅಲ್ಲೇನು?

ಸೇಡಂ_ಕಿಚನ್: ನಾ ಮಾಡೋದು ಎಗ್‌ಲೆಸ್, ಮೊಸರು, ಸೋಡಾ, ಎಣ್ಣಿ ಹಾಕಿ. ಸಿರಪ್ ಹಚ್ಚಿದ್ರ ಪೇಸ್ಟ್ ಆಗ್ತದ. ಅದಕ್ಕ ಯಾವ ಕೇಕಿಗೂ ಹಚ್ಚಬಾರದು.

ಓವನ್_ಕಲಬುರಗಿ: ಡಬಲ್ ಕಾ ಮೀಠಾದ ಬ್ರೆಡ್ ತುಪ್ಪದಲ್ಲಿ ಕರಿದದ್ದು. ಹೊರಗೆ ಗಟ್ಟಿ ಕವಚ ಬಂದಿರುತ್ತದೆ, ಒಳಗೆ ನಾದಿದ ಮೈದಾದ ಜಿಗುಟು ಇರುತ್ತದೆ. ಸ್ಪಂಜಿನಲ್ಲಿ ಎರಡೂ ಇಲ್ಲ. ಇರೋದು ಮೊಟ್ಟೆಯ ನೊರೆ ಬೆಂದು ನಿಂತ ತೆಳು ಗೋಡೆಗಳು. ನೀರು ಮಿತಿ ಮೀರಿದರೆ ಗೋಡೆ ಮೆತ್ತಗಾಗಿ ಒಂದರ ಮೇಲೊಂದು ಕೂರುತ್ತದೆ, ಅದೇ ಮುದ್ದೆ.

ಬೀದರ್_ಮಿಠಾಯಿ: "ತುಪ್ಪದಲ್ಲಿ ಕರಿದದ್ದು" ಅಂದ್ರ ಏನಾಯ್ತು? ಜಾಮೂನೂ ಕರಿದದ್ದೇ. ಅದು ಒಳತನಕ ಪಾಕ ಕುಡಿತದಲ್ಲ? ಕರಿದದ್ದು ಕುಡಿತದ, ಕರೀದ ಸ್ಪಂಜ್ ಕುಡಿಯಂಗಿಲ್ಲ ಅಂದ್ರ ಯಾವ ನ್ಯಾಯ?

ಓವನ್_ಕಲಬುರಗಿ: ಜಾಮೂನಿಗೆ ನೀವೇ ಎಳೆ ಬರಿಸಲ್ಲ, ಕೈಗೆ ಅಂಟು ಬಂದರೆ ಇಳಿಸುತ್ತೀರಿ. ಎಳೆ ಬಂದ ಪಾಕಕ್ಕೆ ಬಿಟ್ಟರೆ ಜಾಮೂನಿನ ನಡು ಗಂಟಾಗಿಯೇ ಉಳಿಯುತ್ತದೆ. ನಿಮ್ಮ ಉದಾಹರಣೆ ನಿಮಗೇ ವಿರುದ್ಧ ಇದೆ.

ಬೀದರ್_ಮಿಠಾಯಿ: ಜಾಮೂನ್ ಪಾಕ ಹ್ಯಾಂಗ ಇಳಿಸಬೇಕು ಅಂತ ನನಗ ಹೇಳಬ್ಯಾಡ್ರಿ.

ಚಿತ್ತಾಪುರ_ಕಪ್: ಇಷ್ಟೊಂದು ತೂಕ ಯಾಕ್ರೀ? ಒಂದು ಕಪ್ ಸಕ್ಕರಿ, ಒಂದು ಕಪ್ ನೀರು. ಮುಗೀತು.

ಓವನ್_ಕಲಬುರಗಿ: ಸಿರಪ್ ಕುದಿಸಲು ಕಪ್ ಸಾಕು. ಸಕ್ಕರೆ 200 ಗ್ರಾಂ, ನೀರು 240 ಗ್ರಾಂ ಬರುತ್ತದೆ, ಸ್ವಲ್ಪ ತೆಳು, ನಡೆಯುತ್ತದೆ. ಹಚ್ಚುವಾಗ ಮಾತ್ರ ತಕ್ಕಡಿ ಬೇಕೇ ಬೇಕು.

ಯಾದಗಿರಿ ಅಕ್ಕಾ, ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನಾಲ್ಕು ಮೊಟ್ಟೆ, 120 ಗ್ರಾಂ ಸಕ್ಕರೆ, 120 ಗ್ರಾಂ ಮೈದಾ ಅಂತ ಹಿಡಿದರೆ, ಬೆಂದು ಮೇಲಿನ ಕಂದು ಸಿಪ್ಪೆ ತೆಗೆದ ಮೇಲೆ ಸ್ಪಂಜ್ ಸುಮಾರು 360 ಗ್ರಾಂ ಉಳಿಯುತ್ತದೆ, ಪದರಕ್ಕೆ 120. ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಿರಪ್ ಬೇಡ. ತಳಕ್ಕೆ 30 ಗ್ರಾಂ, ನಡುವಿನದಕ್ಕೆ 40, ಮೇಲಿನದಕ್ಕೆ 40. ತಳಕ್ಕೆ ಕಡಿಮೆ ಯಾಕೆಂದರೆ ಮೇಲಿನ ಎರಡು ಪದರದ ಭಾರ ಅದರ ಮೇಲೆ ಕೂರುತ್ತದೆ, ಮೇಲಿನ ತೇವವೂ ರಾತ್ರಿಯಿಡೀ ಕೆಳಗೇ ಜಾರುತ್ತದೆ. ಸಿರಪ್ ಬಟ್ಟಲನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬ್ರಷ್ ಅದ್ದಿ ಹಚ್ಚಿದಂತೆಲ್ಲ ಮೈನಸ್ ಅಂಕಿ ಕಾಣಿಸುತ್ತದೆ. 30 ತೋರಿಸಿದರೆ ಕೈ ನಿಲ್ಲಿಸಿ.

ಬ್ರಷ್ ಎಳೆಯಬೇಡಿ, ಎಳೆದರೆ ಪುಡಿ ಎದ್ದು ತೂತು ಮುಚ್ಚಿಕೊಳ್ಳುತ್ತದೆ. ಒತ್ತಿ ಎತ್ತಿ. ಅಂಚಿನಿಂದ ಶುರು ಮಾಡಿ, ಒಲೆಯಲ್ಲಿ ಹೆಚ್ಚು ಒಣಗಿರೋದು ಅಂಚೇ. ಅಲ್ಲಿ ಎರಡು ಸುತ್ತು, ನಡುವೆ ಒಂದೇ. ಎಲ್ಲರೂ ನಡುವೆ ಸುರಿದು ಹೊರಗೆ ಸವರುತ್ತಾರೆ, ಅಂಚಿಗೆ ಬರುವಷ್ಟರಲ್ಲಿ ಬ್ರಷ್ ಒಣಗಿರುತ್ತದೆ.

ಸೇಡಂ_ಕಿಚನ್: ಮತ್ತ ನನ್ನ ಎಗ್‌ಲೆಸ್‌ಗೂ 40 ಗ್ರಾಂ ಹಾಕಬೇಕಂತೀರಾ?

ಓವನ್_ಕಲಬುರಗಿ: ಬೇಡ ಅಕ್ಕಾ. ಎಣ್ಣೆ, ಮೊಸರು ಇರೋ ಸ್ಪಂಜ್ ಮೊದಲೇ ತೇವ. ಕಣ ಹಿಡಿಯಲು ಮೊಟ್ಟೆಯೂ ಇಲ್ಲ. ಪದರಕ್ಕೆ 15 ಗ್ರಾಂ, ಅದೂ ಅಂಚಿಗೆ. ಅನಾನಸ್ ಡಬ್ಬಿಯ ರಸ ಹಾಕುತ್ತಿದ್ದರೆ ಅದನ್ನೂ ಇದರಲ್ಲೇ ಲೆಕ್ಕ ಹಿಡಿಯಿರಿ.

ಸೇಡಂ_ಕಿಚನ್: 15 ಅಂದ್ರ ಹಚ್ಚದ ಲೆಕ್ಕಾನೇ. ನಾ ಹೇಳಿದ್ದೂ ಅದೇ.

ಚಿತ್ತಾಪುರ_ಕಪ್: ಒಂದು ಮಾತು ಬಿಟ್ಟೀರಿ. ಸ್ಪಂಜ್ ಬಿಸಿ ಇದ್ದಾಗ ಹಚ್ಚಿದ್ರ ಚಲೋ ಹೀರ್ತದ.

ಓವನ್_ಕಲಬುರಗಿ: ಬಿಸಿ ಸ್ಪಂಜಿನ ಗೋಡೆ ಇನ್ನೂ ಗಟ್ಟಿಯಾಗಿರಲ್ಲ, ಮೇಲೆ ಬಿಸಿ ಸಿರಪ್ ಬಿದ್ದರೆ ಕುಸಿಯುತ್ತದೆ. ಸ್ಪಂಜ್ ಪೂರ್ತಿ ಆರಿರಬೇಕು, ಸಿರಪ್ ಉಗುರು ಬೆಚ್ಚಗಿರಬೇಕು. ಹಚ್ಚಿ ಹತ್ತು ನಿಮಿಷ ಬಿಟ್ಟು ಕ್ರೀಮ್. ಬೆರಳಿಂದ ಮೆಲ್ಲಗೆ ಒತ್ತಿದರೆ ತಣ್ಣಗೆ ತೇವ ತಾಗಬೇಕು, ಬೆರಳ ಸುತ್ತ ನೀರು ಏಳಬಾರದು. ಎದ್ದರೆ ಆ ಪದರಕ್ಕೆ ಹೆಚ್ಚಾಗಿದೆ, ಅದನ್ನು ತಳಕ್ಕಿಡಬೇಡಿ.

ಬೀದರ್_ಮಿಠಾಯಿ: "ಹತ್ತು ನಿಮಿಷ ಬಿಟ್ಟು" ಅಂತ ಬರದೀರಿ. ಈಗ ಬ್ಯಾಸಗಿ, ಕಲಬುರಗಿದಾಗ 42 ಡಿಗ್ರಿ ದಾಟ್ಯದ. ಫ್ಯಾನ್ ಕೆಳಗ ಹತ್ತು ನಿಮಿಷ ಬಿಟ್ರ ನಿಮ್ಮ ತೆಳು ಸಿರಪ್ ಆರಿ ಹೋಗ್ತದ. ದಪ್ಪ ಪಾಕ ಆರಂಗಿಲ್ಲ. ಸಕ್ಕರಿ ತೇವ ಹಿಡಿತದ ಅನ್ನೋದು ಸುಳ್ಳು ಅಂತ ಒಬ್ಬರೂ ಹೇಳಿಲ್ಲ ಇಲ್ಲಿ.

ಓವನ್_ಕಲಬುರಗಿ: ಸುಳ್ಳಲ್ಲ. ಅದಕ್ಕೇ ಸಮ ಸಮ ಅಂದದ್ದು, ಬರೀ ನೀರು ಅಂತ ಹೇಳಿಲ್ಲ. ಫ್ಯಾನ್ ಆರಿಸಿ, ಮೇಲೊಂದು ಪರಾತ ಮುಚ್ಚಿ.

ಬೀದರ್_ಮಿಠಾಯಿ: ಡಬಲ್ ಕಾ ಮೀಠಾ ಮಾತು ಅಲ್ಲೇ ಬಿಟ್ಟೀರಿ.

ಯಾದಗಿರಿ_ಹೋಂಬೇಕರ್: ಈಗ ಬಟ್ಟಲ ತಕ್ಕಡಿ ಮ್ಯಾಲಿಟ್ಟು, ದಿನಾ ಹಚ್ಚೋ ಹಂಗೇ ಹಚ್ಚಿ ನೋಡಿದ್ನಿ. ತಳದ ಪದರ ಒಂದಕ್ಕೇ 75 ಗ್ರಾಂ ಹೋಗ್ಯದ. ಮ್ಯಾಲಿನದಕ್ಕ ಬರೋದ್ರಾಗ ಬಟ್ಟಲದಾಗ 20 ಉಳದಿತ್ತು. ಕಂದು ಸಿಪ್ಪಿನೂ ತೆಗದಿರಲಿಲ್ಲ, ಅದರ ಮ್ಯಾಲೇ ಹಚ್ಚಿದ್ನಿ, ಹನಿ ಹನಿ ನಿಂತದ. ಈ ತಳದ ಪದರ ಉಳಸಲಿಕ್ಕಿ ಆಗ್ತದೇನ್ರಿ?

ಓವನ್_ಕಲಬುರಗಿ: 120ಕ್ಕೆ 75, ಅದು ಮೂರು ಪದರದ ಕೇಕಿನ ಭಾರ ತಡೆಯಲ್ಲ. ಜಾಲರಿ ಮೇಲಿಟ್ಟು ಒಂದು ತಾಸು ಫ್ರಿಜ್‌ನಲ್ಲಿ ಬಿಟ್ಟು, ಎಲ್ಲಕ್ಕಿಂತ ಮೇಲಿನ ಪದರ ಮಾಡಿ. ಮೇಲಿನದರ ಸಿಪ್ಪೆಯನ್ನು ಹಲ್ಲಿನ ಚಾಕುವಿನಿಂದ ತೆಳ್ಳಗೆ ತೆಗೆದು, ಆ ಪದರವನ್ನು ತಳಕ್ಕಿಡಿ. ಅದಕ್ಕೆ 20 ಗ್ರಾಂ ಸಾಕು, ಅಂಚಿಗೆ ಮಾತ್ರ.

ಬೀದರ್_ಮಿಠಾಯಿ: ದಪ್ಪ ಪಾಕ ಆಗಿದ್ರ 75 ಗ್ರಾಂ ಒಳಗ ಹೋಗ್ತಲೇ ಇರಲಿಲ್ಲ.